ಗರ್ಭಗುಡಿಯಿಂದ ಅಂಗೈಗೆ: ಉಡುಪಿ, ಮೂಲ್ಕಿ, ಸುರತ್ಕಲ್ ದಾರಿಯಲ್ಲಿ ಒಂದು ಪಾಠ

ಶುಕ್ರವಾರ, ಉಡುಪಿ ರಥಬೀದಿ

ಸೆಕೆಂಡ್ ಪಿಯುಸಿ ಮಕ್ಕಳಿಗೆ ಬಸವಣ್ಣನ ಪಾಠ ಮಾಡಿ ಪ್ರಶ್ನೆ ಕೊಟ್ರೆ ಸಾಧಾರಣ ಎಲ್ಲರೂ ಬರೆಯುವುದು ಒಂದೇ, "ಇಷ್ಟಲಿಂಗ ಅಂದರೆ ಕುತ್ತಿಗೆಯಲ್ಲಿ ಕಟ್ಟಿಕೊಳ್ಳುವ ಸಣ್ಣ ಶಿವಲಿಂಗ". ಮಾರ್ಕ್ ಕಟ್ ಮಾಡ್ಲಿಕ್ಕೆ ಆಗುವುದಿಲ್ಲ, ಆದ್ರೆ ಇಷ್ಟೇ ಗೊತ್ತಿದ್ದವರಿಗೆ ದೇವಸ್ಥಾನದ ವ್ಯವಸ್ಥೆಗೆ ಇದು ಹೇಗೆ ಸವಾಲಾಯ್ತು ಅಂತ ಕೇಳಿದ್ರೆ ಉತ್ತರ ಇಲ್ಲ, ಮನೆಯಲ್ಲಿ ಸಣ್ಣ ಕೃಷ್ಣನ ಮೂರ್ತಿ ಇಟ್ಟುಕೊಂಡವರೆಲ್ಲ ಸವಾಲು ಹಾಕಿದ ಹಾಗೆ ಆಗ್ತದಾ? ನಮ್ಮ ಕರಾವಳಿಯ ಮಕ್ಕಳಿಗೆ ದೇವಸ್ಥಾನ ಅಂದ್ರೆ ಚೆನ್ನಾಗಿ ಗೊತ್ತು, ಬ್ರಹ್ಮಕಲಶಕ್ಕೆ ಸ್ವಯಂಸೇವಕರಾಗಿ ಹೋಗಿರ್ತಾರೆ, ಕೋಲಕ್ಕೆ ರಾತ್ರಿಯಿಡೀ ಕೂತಿರ್ತಾರೆ. ಲಿಂಗ ಕಟ್ಟಿದವರನ್ನು ಹತ್ತಿರದಿಂದ ನೋಡಿದವರು ಕಡಿಮೆ. ಹಾಗಾಗಿ ಗೊತ್ತಿದ್ದ ಕಡೆಯಿಂದಲೇ ಶುರು ಮಾಡುವ, ಮೊದಲು ದೇವಸ್ಥಾನವನ್ನೇ ಸರಿಯಾಗಿ ನೋಡುವ ಅಂತ ಹಿಸ್ಟರಿ ತಗೊಂಡ ಮಕ್ಕಳನ್ನು ಕರ್ಕೊಂಡು ಹೊರಟದ್ದು.

ರಥಬೀದಿಯಲ್ಲಿ ಒಂದು ಕೆಲಸ ಕೊಟ್ಟೆ. ನೋಟ್ ಬುಕ್ಕಲ್ಲಿ ಒಂದು ನಕ್ಷೆ ಹಾಕಿ, ಯಾರು ಎಲ್ಲಿಯವರೆಗೆ ಹೋಗಬಹುದು, ಯಾರು ಮೂರ್ತಿ ಮುಟ್ಟಬಹುದು, ಯಾವಾಗ ಅಂತ ಗುರುತು ಮಾಡಿ, ಭಕ್ತಿಯ ವಿಷಯ ಇವತ್ತು ಬೇಡ, ಜಾಗದ ವಿಷಯ ಮಾತ್ರ. ಹುಡುಗರು ಅಂಗಿ ತೆಗೆದು ಕೈಯಲ್ಲಿ ಹಿಡ್ಕೊಂಡು ಒಳಗೆ ಹೋಗಿ ಬಂದ್ರು. ನಕ್ಷೆ ಒಳ್ಳೆದಾಗಿಯೇ ಬಂತು: ಎಲ್ಲಕ್ಕಿಂತ ಹೊರಗೆ ಬೀದಿ, ಆಮೇಲೆ ಹೊರಗೋಡೆಯ ಕನಕನ ಕಿಂಡಿ, ಒಳಗೆ ಬೆಳ್ಳಿಯ ನವಗ್ರಹ ಕಿಂಡಿ, ಅದರಾಚೆ ಗರ್ಭಗುಡಿ. ನಾವೆಲ್ಲ ಕೃಷ್ಣನನ್ನು ನೋಡುವುದು ಆ ಒಂಬತ್ತು ತೂತಿನ ಕಿಂಡಿಯಲ್ಲಿ. ಒಳಗೆ ಮೂರ್ತಿ ಮುಟ್ಟಿ ಪೂಜೆ ಮಾಡುವುದು ಅಷ್ಟಮಠದ ಯತಿಗಳು ಮಾತ್ರ, 2 ವರ್ಷಕ್ಕೊಮ್ಮೆ ಪರ್ಯಾಯ ಬದಲಾಗುವಾಗ ಆ ಜವಾಬ್ದಾರಿ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗ್ತದೆ. ಆಮೇಲೆ ಚಂದ್ರಮೌಳೀಶ್ವರ, ಅನಂತೇಶ್ವರ ಎರಡಕ್ಕೂ ಹೋದ್ವಿ. ಅಲ್ಲಿ ಇರುವುದು ಲಿಂಗ, ಆದ್ರೆ ನಕ್ಷೆ ಬೇರೆ ಆಗ್ಲಿಲ್ಲ, ಅಲ್ಲೂ ಹೊಸಿಲು ಉಂಟು, ಹೊಸಿಲಿನ ಆಚೆ ಒಬ್ಬರ ಕೈ ಉಂಟು, ಈಚೆ ನಾವು.

ಒಬ್ಬಳು ಹುಡುಗಿ ಕೇಳಿದ್ಲು, "ಮೇಡಂ, ಲಿಂಗ ಇದ್ದಲ್ಲಿಯೂ ಹೀಗೇ ಇದ್ರೆ ಮತ್ತೆ ಬಸವಣ್ಣ ಲಿಂಗವನ್ನೇ ಯಾಕೆ ಹಿಡಿದದ್ದು?"

ಇದು ಒಳ್ಳೆ ಪ್ರಶ್ನೆ, ಪಾಠ ಇಲ್ಲಿಂದಲೇ ಶುರು ಆಗುವುದು. ಒಂದು ವಿಷಯ ಮೊದಲೇ ಹೇಳಿಬಿಟ್ಟೆ, ಬಸವಣ್ಣ 12ನೇ ಶತಮಾನ, ಮಧ್ವಾಚಾರ್ಯರು 13ನೇ ಶತಮಾನ, ಕನಕದಾಸರು ಅದಕ್ಕಿಂತಲೂ ಎಷ್ಟೋ ಈಚೆ, ಹಾಗಾಗಿ ಶರಣರು ಮಾತಾಡಿದ್ದು ಉಡುಪಿಯ ಬಗ್ಗೆ ಅಲ್ಲ, ಪರೀಕ್ಷೆಯಲ್ಲಿ ಹಾಗೆ ಬೆರೆಸಿ ಬರೆದ್ರೆ ತಪ್ಪಾಗ್ತದೆ. ಅವರ ಎದುರಿಗೆ ಇದ್ದದ್ದು ಕಲ್ಯಾಣ ಚಾಲುಕ್ಯರ ಕಾಲದ ದೊಡ್ಡ ದೊಡ್ಡ ಶಿವಾಲಯಗಳು. ಆಗಿನ ಶಾಸನ ಓದಿದ್ರೆ ಒಂದು ಮಾತು ಮತ್ತೆ ಮತ್ತೆ ಬರ್ತದೆ, ಇಂಥ ಆಚಾರ್ಯರ ಕಾಲು ತೊಳೆದು, ಧಾರೆ ಎರೆದು, ಇಷ್ಟು ಭೂಮಿಯನ್ನು ದೇವರ ಅಂಗಭೋಗ ರಂಗಭೋಗಕ್ಕೆ ಬಿಟ್ಟೆವು ಅಂತ, ಅಂದ್ರೆ ದೇವರ ಪೂಜೆ ಅಲಂಕಾರ, ಕುಣಿತ ಸಂಗೀತದ ಖರ್ಚಿಗೆ. ಅರಸ, ದಂಡನಾಯಕ, ವ್ಯಾಪಾರಿ ಕೊಡುವವರು, ಕಾಳಾಮುಖ ಅನ್ನುವ ಶೈವ ಪಂಗಡದ ಆಚಾರ್ಯರಂಥವರು ದೇವಸ್ಥಾನದ ಯಜಮಾನರು, ಗದ್ದೆ ಉತ್ತವನು ಹೊರಗೆ. ಎಲ್ಲವೂ ಶಿವನ ಹೆಸರಲ್ಲೇ. ಅಂದ್ರೆ ಶರಣರ ತಕರಾರು ಬೇರೆ ದೇವರ ಜೊತೆ ಅಲ್ಲ, ತಮ್ಮದೇ ದೇವರ ಸುತ್ತ ಕಟ್ಟಿದ ಮೆಟ್ಟಿಲುಗಳ ಜೊತೆ.

ಮಕ್ಕಳು "ಉಳ್ಳವರು ಶಿವಾಲಯವ ಮಾಡುವರು" ವಚನ ಬಾಯಿಪಾಠ ಹೇಳಿದ್ರು, ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸ. ಇದನ್ನು ಸಾಧಾರಣ "ಬಡವನ ಭಕ್ತಿ" ಅಂತ ಓದಿಸ್ತಾರೆ, ನನಗೆ ಅದು ಸಾಕಾಗುವುದಿಲ್ಲ. ಬಸವಣ್ಣ ಬಿಜ್ಜಳನ ಭಂಡಾರಿ ಆಗಿದ್ದವರು, ಬೇಕಿದ್ರೆ ಗುಡಿ ಕಟ್ಟಿಸುವ ತಾಕತ್ತು ಇತ್ತು, ಆದ್ರೂ ಕಟ್ಟದವರ ಸಾಲಲ್ಲಿ ನಿಂತು ಮಾತಾಡ್ತಾರೆ. ಮತ್ತೆ ದೇಹವೇ ದೇಗುಲ ಆದ ಮೇಲೆ ಒಂದು ಪ್ರಶ್ನೆ ಉಳೀತದಲ್ಲ, ಆ ದೇಗುಲದ ಒಳಗಿನ ದೇವರು ಯಾರು, ಅಲ್ಲಿ ಪೂಜೆ ಯಾರು ಮಾಡುವುದು? ಅದಕ್ಕೆ ಉತ್ತರವೇ ಇಷ್ಟಲಿಂಗ. ಉಪಮೆ ಆಗಿ ಉಳಿಯಬಹುದಾದ ಮಾತನ್ನು ದಿನಾ ಬೆಳಿಗ್ಗೆ ಮಾಡುವ ಕೆಲಸವನ್ನಾಗಿ ಮಾಡಿದ್ದು ಅದು.

ಕನಕದಾಸರ ಐತಿಹ್ಯ ಇಲ್ಲಿ ಎಲ್ಲ ಮಕ್ಕಳಿಗೂ ಗೊತ್ತು, ಒಳಗೆ ಬಿಡದಾಗ ಹಿಂದೆ ನಿಂತು ಹಾಡಿದ್ರು, ಕೃಷ್ಣ ತಿರುಗಿದ ಅಂತ. ನಾನು ಆ ಕಿಂಡಿಯ ಎದುರು ನಿಂತಾಗೆಲ್ಲ ನಿಜವಾಗಿ ಕಣ್ಣು ತುಂಬಿಕೊಳ್ತದೆ, ಸಣ್ಣದು ಅಂತ ಹೇಳ್ಲಿಕ್ಕೆ ಬಾಯಿ ಬರುವುದಿಲ್ಲ. ಆದ್ರೂ ಪಾಠಕ್ಕೆ ವ್ಯತ್ಯಾಸ ಹೇಳಲೇಬೇಕು, ಅಲ್ಲಿ ದೇವರು ಒಳಗೇ ಇದ್ದಾನೆ, ಭಕ್ತ ಹೊರಗೆ, ದೇವರು ಮನಸ್ಸು ಮಾಡಿ ತಿರುಗ್ತಾನೆ, ಗೋಡೆ ಉಳೀತದೆ. ಶರಣರು ಗೋಡೆಯ ಹತ್ತಿರವೇ ಹೋಗ್ಲಿಲ್ಲ.

ಸಂಜೆ ಕಟಪಾಡಿ ಕಡೆಯ ಒಂದು ಊರಿಗೆ ಹೋದ್ವಿ, ಒಬ್ಬ ಹುಡುಗನ ಮಾವ ಅಲ್ಲಿನ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯಲ್ಲಿ ಇದ್ದಾರೆ. ಗರ್ಭಗುಡಿ ಬಿಚ್ಚಿ ಹೊಸದಾಗಿ ಕಟ್ತಾ ಇದ್ರು, ದೇವರು ಪಕ್ಕದ ಬಾಲಾಲಯದಲ್ಲಿ, ಅಂದ್ರೆ ತಾತ್ಕಾಲಿಕ ಗುಡಿಯಲ್ಲಿ. ಅವರು ತುಂಬ ತಾಳ್ಮೆಯಿಂದ ಹೇಳಿದ್ರು, ಮೂರ್ತಿಯ ಸಾನ್ನಿಧ್ಯವನ್ನು ತಂತ್ರಿಗಳು ಕಲಶಕ್ಕೆ ತಗೊಂಡು ಬಾಲಾಲಯಕ್ಕೆ ತರ್ತಾರೆ, ಕಟ್ಟಡ ಆದ ಮೇಲೆ ಮೂರ್ತಿಯನ್ನು ಪೀಠದಲ್ಲಿ ಕೂರಿಸಿ ಸಂದಿಗೆ ಅಷ್ಟಬಂಧ ತುಂಬ್ತಾರೆ, ಅರಗು, ಶಂಖದ ಪುಡಿ, ಹತ್ತಿ ಎಲ್ಲ ಸೇರಿ ಎಂಟು ವಸ್ತು ಕುಟ್ಟಿ ಕುಟ್ಟಿ ಮಾಡಿದ ಅಂಟು ಅದು, ಆಮೇಲೆ ಬ್ರಹ್ಮಕಲಶ. ವರ್ಷಗಳು ಕಳೆದ ಹಾಗೆ ಅಷ್ಟಬಂಧ ಬಿರುಕು ಬಿಡ್ತದೆ, ಸಾನ್ನಿಧ್ಯ ಕಡಿಮೆ ಆಗ್ತದೆ ಅಂತ ನಂಬಿಕೆ, ಅದಕ್ಕೆ ಸಾಧಾರಣ 12 ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು.

"ಈ ಕೆಲಸ ಬೇರೆ ಯಾರಾದ್ರೂ ಮಾಡಬಹುದಾ ಮಾಮ?" ಅಂತ ಹುಡುಗ ಕೇಳಿದ.

"ಎಂತ ಮಾರಾಯ, ಅದಕ್ಕೆ ತಂತ್ರಿಗಳೇ ಆಗಬೇಕು, ಅಧಿಕಾರ ಅಂತ ಉಂಟಲ್ಲ."

ಆ ಒಂದು ಶಬ್ದ, ಅಧಿಕಾರ, ಮಕ್ಕಳ ಹತ್ರ ಬರೆಸಿಟ್ಟೆ. ಕಲ್ಲಿಗೆ ದೇವರನ್ನು ತರುವವರು ಯಾರು, ಆ ಶಕ್ತಿ ಎಲ್ಲಿಂದ ಬರುವುದು, ಅದನ್ನು ಉಳಿಸಿಕೊಳ್ಳಲು ಯಾರು ಬೇಕು, ದೇವಸ್ಥಾನದ ಮೇಲು ಕೀಳು ನಿಂತಿರುವುದು ಈ ಪ್ರಶ್ನೆಗಳ ಮೇಲೆ. ಯಾರೋ ಕೆಟ್ಟವರು ಇದ್ದಾರೆ ಅಂತ ಅಲ್ಲ, ಆ ಮಾವ ಎಷ್ಟು ಒಳ್ಳೆ ಮನುಷ್ಯ, ನಮಗೆಲ್ಲ ಗೋಳಿಬಜೆ ಚಾ ಕೊಡಿಸಿಯೇ ಕಳಿಸಿದ್ದು.

ಶನಿವಾರ, ಮೂಲ್ಕಿ

ಬೆಳಿಗ್ಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ಕಾಪು, ಪಡುಬಿದ್ರಿ ದಾಟಿ ಮೂಲ್ಕಿಯಲ್ಲಿ ಇಳಿದ್ವಿ. ಶಾಂಭವಿ ನದಿ ನೋಡ್ಲಿಕ್ಕೆ ಅಂತ ಮಕ್ಕಳು ತಿಳ್ಕೊಂಡಿದ್ರು, ನಾನು ಕರ್ಕೊಂಡು ಹೋದದ್ದು ಒಂದು ಕೋರ್ಟ್ ಕೇಸಿನ ಜಾಗಕ್ಕೆ. ಇಲ್ಲಿನ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಬ್ರಾಹ್ಮಣ ಸಮಾಜದ್ದು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿ ಇತ್ತು, 1947ರಲ್ಲಿ ಮದ್ರಾಸಿನವರು ದೇವಾಲಯ ಪ್ರವೇಶ ಕಾಯ್ದೆ ತಂದ್ರು, ಇದು ನಮ್ಮ ಪಂಗಡದ ದೇವಸ್ಥಾನ, ಕಾಯ್ದೆ ನಮಗೆ ಬರುವುದಿಲ್ಲ ಅಂತ ಆಡಳಿತದವರು ಕೋರ್ಟಿಗೆ ಹೋದ್ರು. ಅದು ಸುಪ್ರೀಂ ಕೋರ್ಟ್ ತನಕ ಹೋಗಿ 1957ರಲ್ಲಿ ತೀರ್ಪು ಬಂತು, ಕಾನೂನು ಓದುವವರು ಈಗಲೂ ವೆಂಕಟರಮಣ ದೇವರು ಕೇಸ್ ಅಂತ ಓದ್ತಾರೆ. ನಮ್ಮ ಪಕ್ಕದ ಊರಿನ ಹೆಸರು ದೇಶದ ಎಲ್ಲ ಲಾ ಕಾಲೇಜಲ್ಲಿ ಉಂಟು ಅಂತ ಈ ಮಕ್ಕಳಿಗೆ ಗೊತ್ತೇ ಇರ್ಲಿಲ್ಲ.

ತೀರ್ಪನ್ನು ಮೆಟ್ಟಿಲ ಹತ್ತಿರ ನೆರಳಲ್ಲಿ ಕೂತು ನಿಧಾನ ಬಿಡಿಸಿ ಹೇಳಿದೆ, ಯಾಕಂದ್ರೆ ಇಷ್ಟಲಿಂಗಕ್ಕೂ ಇದಕ್ಕೂ ಸಂಬಂಧ ಮೇಲಿಂದ ಕಾಣುವುದಿಲ್ಲ. ಕೋರ್ಟ್ ಮೊದಲು ಒಪ್ಪಿತು, ಹೌದು, ಇದು ಒಂದು ಪಂಗಡದ ದೇವಸ್ಥಾನ, ಮತ್ತು ದೇವಸ್ಥಾನಕ್ಕೆ ಯಾರು ಬರಬಹುದು, ಎಲ್ಲಿ ನಿಂತು ಪೂಜಿಸಬಹುದು ಅನ್ನುವುದು ಕೂಡ ಧರ್ಮದ ವಿಷಯವೇ. ಆದ್ರೆ ಸಾರ್ವಜನಿಕ ಸ್ವರೂಪದ ಹಿಂದೂ ದೇವಸ್ಥಾನಗಳನ್ನು ಎಲ್ಲ ವರ್ಗದ ಹಿಂದೂಗಳಿಗೆ ತೆರೆಯಲು ಸಂವಿಧಾನದ 25(2)(ಬಿ) ವಿಧಿ ಸರ್ಕಾರಕ್ಕೆ ಅವಕಾಶ ಕೊಟ್ಟಿದೆ, ಪಂಗಡದ ಹಕ್ಕು ಅದಕ್ಕೆ ಒಳಪಟ್ಟದ್ದು, ಹಾಗಾಗಿ ಬಾಗಿಲು ತೆರೆಯಬೇಕು. ಜೊತೆಗೇ ಇನ್ನೊಂದು ಮಾತು, ಕೆಲವು ವಿಶೇಷ ಸೇವೆ ಉತ್ಸವದ ಹೊತ್ತಲ್ಲಿ ಆ ಪಂಗಡದವರು ಮಾತ್ರ ಇರಬಹುದು, ಉಳಿದವರ ಹಕ್ಕು ಅದರಿಂದ ಹೆಸರಿಗೆ ಮಾತ್ರ ಅನ್ನುವಷ್ಟು ಕುಗ್ಗಬಾರದು ಅಷ್ಟೇ.

ಕಾಮರ್ಸ್ ಹುಡುಗ ಒಬ್ಬ ನಕ್ಷೆ ತೆಗೆದು ನೋಡಿ ಹೇಳಿದ, "ಹಾಗಾದ್ರೆ ಬೀದಿಯಲ್ಲಿದ್ದವರು ಒಳಗೆ ಬಂದ್ರು, ಗರ್ಭಗುಡಿಯ ಗೆರೆ ಇದ್ದಲ್ಲೇ ಇದೆ."

ಸರಿಯಾಗಿ ಹಿಡಿದ. ಕಾನೂನು ಮಾಡಿದ್ದು ದೊಡ್ಡ ಕೆಲಸ, ನನ್ನ ಅಜ್ಜಿಯ ಕಾಲದಲ್ಲಿ ಎಷ್ಟು ಜನಕ್ಕೆ ಅಂಗಳಕ್ಕೂ ಬರ್ಲಿಕ್ಕೆ ಇರ್ಲಿಲ್ಲ ಅಂತ ಮನೆಯಲ್ಲಿ ಕೇಳಿ ಗೊತ್ತು, ಆ ಅವಮಾನ ಹೋದದ್ದು ಸಣ್ಣ ವಿಷಯ ಅಲ್ಲವೇ ಅಲ್ಲ. ಆದ್ರೆ ಪ್ರವೇಶದ ಹೋರಾಟ ಮೆಟ್ಟಿಲ ಸಾಲಲ್ಲಿ ಒಂದು ಮೆಟ್ಟಿಲು ಮೇಲೆ ಹೋಗುವ ಹೋರಾಟ. ಇಷ್ಟಲಿಂಗದ್ದು ಬೇರೆ ದಾರಿ, ಅದು ಮೆಟ್ಟಿಲನ್ನೇ ಅನಗತ್ಯ ಮಾಡ್ತದೆ. ದೇವರು ಇರುವುದು ನನ್ನ ಎದೆಯ ಮೇಲೆ ಅಂತ ಆದ್ರೆ ಹತ್ತಿರ ದೂರ ಅನ್ನುವ ಅಳತೆಗೆ ಅರ್ಥವೇ ಇಲ್ಲ, ಎಲ್ಲರೂ ಅಷ್ಟೇ ಹತ್ತಿರ.

ಇಲ್ಲಿ ಆ "ಸಣ್ಣ ಶಿವಲಿಂಗ" ಅನ್ನುವ ಉತ್ತರ ಯಾಕೆ ಸಾಲುವುದಿಲ್ಲ ಅಂತ ಹೇಳಲೇಬೇಕಿತ್ತು. ದೇವಸ್ಥಾನದಲ್ಲಿ ನಿನ್ನೆ ನೋಡಿದ್ರಲ್ಲ, ಕಲಶದಿಂದ ಮೂರ್ತಿಗೆ ಸಾನ್ನಿಧ್ಯ ಬರುವುದು, ತರುವುದು ತಂತ್ರಿಗಳು. ವೀರಶೈವ ಬೋಧನೆಯ ದೀಕ್ಷೆಯಲ್ಲಿ ಗುರು ಶಿಷ್ಯನ ತಲೆಯ ಮೇಲೆ ಕೈ ಇಡ್ತಾರೆ, ಆ ಶಿಷ್ಯನ ನೆತ್ತಿಯಲ್ಲೇ ಇರುವ ಚಿತ್ಕಳೆಯನ್ನು, ಅಂದ್ರೆ ಅವನದೇ ಚೈತನ್ಯವನ್ನು, ಲಿಂಗದಲ್ಲಿ ತುಂಬಿ ಅವನ ಅಂಗೈಗೆ ಕೊಡ್ತಾರೆ, ಕಿವಿಯಲ್ಲಿ ಪಂಚಾಕ್ಷರಿ ಹೇಳ್ತಾರೆ. ಹೊರಗಿನಿಂದ ಯಾವ ಶಕ್ತಿಯೂ ಬಂದದ್ದಲ್ಲ, ಅವನಲ್ಲಿ ಇದ್ದದ್ದೇ ಅವನ ಕೈಗೆ ಬಂತು. ಹಾಗಾಗಿ ಅದು ಕೇದಾರದ್ದೋ ಕಾಶಿಯದ್ದೋ ಲಿಂಗದ ಸಣ್ಣ ಪ್ರತಿ ಅಲ್ಲ, ಅದಕ್ಕೆ ಮೇಲೆ ಯಾವ ದೊಡ್ಡ ಕ್ಷೇತ್ರವೂ ಇಲ್ಲ. ಜಗದಗಲ ಮುಗಿಲಗಲ ಅಂತ ಶುರುವಾಗುವ ವಚನದ ಕೊನೆಯಲ್ಲಿ "ಎನ್ನ ಕರಸ್ಥಲಕ್ಕೆ ಬಂದು ಚುಳುಕಾದಿರಯ್ಯಾ" ಅಂತ ಬರ್ತದಲ್ಲ, ಬ್ರಹ್ಮಾಂಡದ ಆಚೆ ಇರುವವನೇ ಇಡಿಯಾಗಿ ಅಂಗೈಗೆ ಬಂದ ಅಂತ ಬಸವಣ್ಣ ಹೇಳುವುದು.

ಹುಡುಗಿಯರಲ್ಲಿ ಒಬ್ಬಳು ತಕ್ಷಣ, "ಆದ್ರೆ ಕೊಡ್ಲಿಕ್ಕೆ ಗುರು ಬೇಕಲ್ಲ ಮೇಡಂ, ತಂತ್ರಿ ಹೋಗಿ ಗುರು ಬಂದ ಹಾಗೆ ಆಯ್ತಲ್ಲ?" ಅಂದ್ಲು. ಇದಕ್ಕೆ ಉತ್ತರ ನಾಳೆ ನೋಡಿ ಹೇಳುವ ಅಂದೆ, ನೋಡದೆ ಹೇಳಿದ್ರೆ ಗಟ್ಟಿ ಆಗುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಮೊದಲು ಇನ್ನೊಂದು ಸಣ್ಣ ವಿಷಯ ಬಂತು. ಈ ಕರಾವಳಿಯನ್ನು ಕೆಳದಿ ನಾಯಕರು ಆಳಿದ್ದಾರೆ, 1763ರಲ್ಲಿ ಹೈದರಾಲಿ ಬಿದನೂರು ಹಿಡಿಯುವ ತನಕ. ಅವರು ವೀರಶೈವರು, ಲಿಂಗ ಕಟ್ಟಿದವರು. ಕೊಲ್ಲೂರಿಗೂ ಕೊಟ್ರು, ಶೃಂಗೇರಿಗೂ ಕೊಟ್ರು, ತಮ್ಮ ಮಠಗಳಿಗೂ ಕೊಟ್ರು. ಆದ್ರೆ ಅರಸರು ಲಿಂಗವಂತರಾದ್ರು ಅಂತ ಇಲ್ಲಿನ ದೇವಸ್ಥಾನಗಳ ಮೆಟ್ಟಿಲು ಕ್ರಮ ಹೋಗ್ಲಿಲ್ಲ, ಹೋಗಿದ್ರೆ 20ನೇ ಶತಮಾನದಲ್ಲಿ ಕೋರ್ಟಿಗೆ ಹೋಗುವ ಅಗತ್ಯವೇ ಬರ್ತಿರ್ಲಿಲ್ಲ. ಇಷ್ಟಲಿಂಗ ಕಟ್ಟಿದವನ ಬದುಕನ್ನು ಬದಲಿಸಬಹುದು, ಪಕ್ಕದ ದೇವಸ್ಥಾನವನ್ನು ತಾನಾಗಿ ಬದಲಿಸುವುದಿಲ್ಲ. ಈ ಮಿತಿಯನ್ನು ಬರೆದವರಿಗೆ ನಾನು ಜಾಸ್ತಿ ಮಾರ್ಕ್ ಕೊಡ್ತೇನೆ.

ಆದಿತ್ಯವಾರ, ಸುರತ್ಕಲ್

ಬಾಗಲಕೋಟೆ ಕಡೆಯಿಂದ ಬಂದು ಇಲ್ಲೇ ನೆಲೆಸಿದ ಒಂದು ಲಿಂಗಾಯತ ಕುಟುಂಬ, ಮಗ ಬಂದರಿನಲ್ಲಿ ಕೆಲಸ, ಅವನ ತಾಯಿ ನಮ್ಮನ್ನು ಬೆಳಿಗ್ಗೆ ಬೇಗ ಬರ್ಲಿಕ್ಕೆ ಹೇಳಿದ್ರು, ಪೂಜೆ ಆಗದೆ ಅವರು ಬಾಯಿಗೆ ನೀರೂ ಹಾಕುವುದಿಲ್ಲ. ಎಲ್ಲರೂ ಕೈಕಾಲು ತೊಳೆದು ಮನೆಯ ಹಾಲ್‌ನಲ್ಲಿ ನೆಲದ ಮೇಲೆ ಕೂತೆವು. ದೇವರಕೋಣೆ ಎಲ್ಲಿ ಅಂತ ಹುಡುಗರ ಕಣ್ಣು ಹುಡುಕ್ತಾ ಇತ್ತು, ಅಜ್ಜಿ ಕೂತದ್ದು ಕಿಟಕಿ ಪಕ್ಕ ಒಂದು ಮಣೆ ಮೇಲೆ, ಅಷ್ಟೇ.

ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿಕೊಂಡಿದ್ರು. ಕೊರಳಿಗೆ ಹಾಕಿದ ಶಿವದಾರದಿಂದ ಬೆಳ್ಳಿಯ ಕರಡಿಗೆ ಬಿಚ್ಚಿ, ಒಳಗಿನ ಬಟ್ಟೆ ಸರಿಸಿ ಲಿಂಗ ತೆಗೆದು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡ್ರು. ಕಪ್ಪು, ನುಣ್ಣಗೆ, ಹೊಳಪು. ದೇವಸ್ಥಾನದ ಲಿಂಗದ ಹಾಗೆ ಪಾಣಿಪೀಠ ಕಾಣುವುದಿಲ್ಲ, ಯಾಕಂದ್ರೆ ಅದು ಒಳಗೆ ಇರುವ ಸಣ್ಣ ಕಲ್ಲಿನ ಲಿಂಗ, ಮೇಲಿಂದ ಕಪ್ಪು ಲೇಪ ಹಾಕಿ ಮುಚ್ಚಿರ್ತಾರೆ, ಮೈಮೇಲೆ ದಿನಾ ಇರುವಂಥದ್ದು, ಸವೆಯಬಾರದು. ಬಲಗೈಯಿಂದ ಸ್ವಲ್ಪ ನೀರು ಎರೆದ್ರು, ವಿಭೂತಿ ಹಚ್ಚಿದ್ರು, ಒಂದು ಬಿಲ್ವಪತ್ರೆ ಒಂದು ಹೂವು, ಊದಿನಕಡ್ಡಿ ಬೆಳಗಿದ್ರು. ಆಮೇಲೆ ಅಂಗೈಯನ್ನು ಕಣ್ಣಿಗೆ ನೇರ ಹಿಡಿದು ರೆಪ್ಪೆ ಬಡಿಯದ ಹಾಗೆ ನೋಡ್ತಾ ಕೂತ್ರು, ತುಟಿ ಮಾತ್ರ ಅಲುಗುತ್ತಿತ್ತು. ಕೊನೆಗೆ ಲಿಂಗಕ್ಕೆ ಎರೆದ ನೀರನ್ನು ತಾವೇ ತಗೊಂಡು, ಲಿಂಗ ಒರೆಸಿ, ಕರಡಿಗೆಯಲ್ಲಿಟ್ಟು ಮತ್ತೆ ಕೊರಳಿಗೆ.

ಮಂತ್ರ ಹೇಳಿಸುವವರು ಬೇರೆ ಇಲ್ಲ, ತೀರ್ಥ ಕೊಡುವ ಕೈ ಬೇರೆ ಇಲ್ಲ, ತಗೊಳ್ಳುವ ಕೈ ಬೇರೆ ಇಲ್ಲ. ಇದನ್ನು ನೋಡಿದ ಮೇಲೆ ಬಸವಣ್ಣನ ಆ ಮಾತು ಹೇಳಿದೆ, ತಾನುಂಬ ಊಟವನ್ನು ಮತ್ತೊಬ್ಬರ ಕೈಯಲ್ಲಿ ಮಾಡಿಸಬಹುದೆ, ತನ್ನ ಲಿಂಗಕ್ಕೆ ಮಾಡುವ ನಿತ್ಯನೇಮವನ್ನು ತಾನೇ ಮಾಡಬೇಕಲ್ಲದೆ ಬೇರೆಯವರಿಂದ ಮಾಡಿಸಬಹುದೆ ಅಂತ ಕೇಳ್ತಾರೆ, ಬೇರೆಯವರು ಮಾಡಿದ್ರೆ ಅದು ಬರೀ ಉಪಚಾರ ಅಂತಾರೆ. ಪೌರೋಹಿತ್ಯದ ವಿರುದ್ಧ ಇದಕ್ಕಿಂತ ಗಟ್ಟಿ ವಾದ ನಾನು ಕಂಡಿಲ್ಲ. ಪುರೋಹಿತ ಒಳ್ಳೆಯವನಾ ಕೆಟ್ಟವನಾ, ಯಾವ ಜಾತಿ, ಎಷ್ಟು ದಕ್ಷಿಣೆ ಅನ್ನುವ ಪ್ರಶ್ನೆಗೇ ಅದು ಹೋಗುವುದಿಲ್ಲ, ಆ ಕೆಲಸವೇ ಇನ್ನೊಬ್ಬರಿಗೆ ಕೊಡ್ಲಿಕ್ಕೆ ಬರುವಂಥದ್ದಲ್ಲ ಅಂತ ಹೇಳ್ತದೆ. ಒಳ್ಳೆ ಪುರೋಹಿತನನ್ನು ತಂದು ಕೂರಿಸಿದ್ರೂ, ಎಲ್ಲ ಜಾತಿಯವರೂ ಅರ್ಚಕರಾಗಬಹುದು ಅಂದ್ರೂ, ಈ ವಾದ ಹಾಗೇ ನಿಲ್ಲುತ್ತದೆ.

ಒಬ್ಬ ಹುಡುಗ ಆಸೆಯಿಂದ, "ಅಜ್ಜಿ, ಒಮ್ಮೆ ಕೈಯಲ್ಲಿ ಹಿಡೀಬಹುದಾ?" ಅಂದ.

"ಇಲ್ಲೋ ತಮ್ಮಾ, ಇದು ನಂದು. ನನ್ನ ಮಗನೂ ಮುಟ್ಟಂಗಿಲ್ಲ. ಅವಂದು ಅವನ ಹತ್ರ ಐತಿ" ಅಂದ್ರು, ಬೇಜಾರು ಮಾಡದೆ ನಗುತ್ತಾ.

ಹುಡುಗನ ಮುಖ ಸಣ್ಣದಾಯ್ತು, ಇಲ್ಲೂ ಮುಟ್ಟಬಾರದು ಅಂದ್ರಲ್ಲ ಅಂತ. ಇದನ್ನು ಬಿಡಿಸಿ ಹೇಳ್ಬೇಕಾಯ್ತು. ದೇವಸ್ಥಾನದಲ್ಲಿ ಒಂದು ಮೂರ್ತಿ, ಮುಟ್ಟುವ ಕೆಲವರು, ಮುಟ್ಟದ ಉಳಿದವರು, ಹಾಗಾಗಿ ಅದು ಶ್ರೇಣಿ ಆಗ್ತದೆ. ಇಲ್ಲಿ ಪ್ರತಿಯೊಬ್ಬರಿಗೂ ಒಂದೊಂದು, ಅದನ್ನು ಅವರೇ ಮುಟ್ಟುವುದು, ಅರಸನೂ ಇವರ ಲಿಂಗ ಮುಟ್ಟುವ ಹಾಗಿಲ್ಲ, ಇವರೂ ಅರಸನದ್ದು ಮುಟ್ಟುವುದಿಲ್ಲ. ಮುಟ್ಟಬಾರದು ಅನ್ನುವ ನಿಯಮ ಎರಡು ಕಡೆಯೂ ಉಂಟು, ಆದ್ರೆ ಇಲ್ಲಿ ಅದು ಯಾರನ್ನೂ ಮೇಲೆ ಕೂರಿಸುವುದಿಲ್ಲ.

ಹುಡುಗಿಯರು ಗುಸುಗುಸು ಮಾಡ್ತಾ ಇದ್ರು. ಕೊನೆಗೆ ಒಬ್ಬಳು ಧೈರ್ಯ ಮಾಡಿ ಅಜ್ಜಿಯ ಹತ್ತಿರವೇ ಹೋಗಿ ಕೇಳಿದ್ಲು, ತಿಂಗಳ ದಿನಗಳಲ್ಲಿ ಪೂಜೆ ಮಾಡ್ತೀರಾ ಅಂತ. ಅಜ್ಜಿ ಅವಳ ಕೈ ಹಿಡ್ಕೊಂಡು ಹೇಳಿದ್ರು, "ಲಿಂಗ ಮೈಮ್ಯಾಗಿಂದ ತೆಗಿಯಂಗೇ ಇಲ್ಲ ಯವ್ವಾ, ಪೂಜಿ ಬಿಡಂಗಿಲ್ಲ. ಆದ್ರ ನಮ್ಮ ಅತ್ತಿ ಇದ್ದಾಗ ಆ ದಿನಾ ಹೊರಗ ಕುಂದರಸ್ತಿದ್ರು. ಲಿಂಗ ಕೊಳ್ಳಾಗೇ ಇರ್ತಿತ್ತು, ನಾವು ಹೊರಗ ಇರ್ತಿದ್ವಿ. ನನ್ನ ಸೊಸಿಗೆ ನಾ ಹಂಗ ಮಾಡಿಲ್ಲ."

ಬೋಧನೆ ಮತ್ತು ರೂಢಿಯ ನಡುವಿನ ಅಂತರವನ್ನು ನಾನು ಗಂಟೆಗಟ್ಟಲೆ ಹೇಳಿದ್ರೂ ಇಷ್ಟು ಸ್ಪಷ್ಟ ಆಗ್ತಿರ್ಲಿಲ್ಲ. ಲಿಂಗಧಾರಿಗೆ ಪಂಚಸೂತಕ ಇಲ್ಲ ಅನ್ನುವುದು ಬೋಧನೆ, ಹುಟ್ಟಿನ ಸೂತಕ, ಸಾವಿನ ಸೂತಕ, ಮುಟ್ಟಿನ ಸೂತಕ, ಎಂಜಲು, ಜಾತಿ ಐದೂ ಇಲ್ಲ. ಇದು ಬರೀ ಉದಾರತೆ ಅಲ್ಲ, ಲಿಂಗ ಮೈಮೇಲೆ ಇದ್ದ ಕಾರಣಕ್ಕೇ ಬರುವ ತೀರ್ಮಾನ. ದೇವಸ್ಥಾನಕ್ಕೆ ಸೂತಕ ಕಳೆದ ಮೇಲೆ ಹೋಗಬಹುದು, ದೇವರು ಅಲ್ಲೇ ಕಾಯ್ತಾನೆ. ಲಿಂಗವನ್ನು ಮೈಯಿಂದ ಅಗಲಿಸುವಂತಿಲ್ಲ ಅಂದ ಮೇಲೆ ಮೈ ಕೆಲವು ದಿನ ಅಶುದ್ಧ ಅಂತ ಹೇಳಿದ್ರೆ ಲಿಂಗವೂ ಅಶುದ್ಧದಲ್ಲಿ ಇದೆ ಅಂತ ಆಗ್ತದೆ, ಅದನ್ನು ಒಪ್ಪಲಿಕ್ಕೆ ಆಗುವುದಿಲ್ಲ, ಹಾಗಾಗಿ ಮೈ ಅಶುದ್ಧ ಅನ್ನುವ ಮಾತನ್ನೇ ಬಿಡಬೇಕು. ಜಾತಿಗೂ ಇದೇ ತರ್ಕ. ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಆಯ್ತು, ಅದಕ್ಕೆ ಘೋರ ಶಿಕ್ಷೆ ಆಯ್ತು ಅಂತ ಪರಂಪರೆ ಹೇಳ್ತದೆ, ಒಂದು ಕಡೆ ಸಮಗಾರರ ಮನೆ, ಇನ್ನೊಂದು ಕಡೆ ಬ್ರಾಹ್ಮಣ ಮೂಲದವರ ಮನೆ, ಶರಣರ ಲೆಕ್ಕದಲ್ಲಿ ಎರಡೂ ಲಿಂಗವಂತರ ಮನೆ ಅಷ್ಟೇ.

ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಹಾಕಿ ಊಟ ಬಡಿಸಿದ್ರು, ಕುಚ್ಚಲಕ್ಕಿ ಮಕ್ಕಳು ರೊಟ್ಟಿ ಮುರಿಯುವುದನ್ನು ನೋಡಿ ಅಜ್ಜಿಗೆ ಭಾರಿ ಖುಷಿ. ಊಟದ ಹೊತ್ತಲ್ಲೇ ಗುರುವಿನ ಪ್ರಶ್ನೆ ಮತ್ತೆ ಎತ್ತಿದೆವು. ಲಿಂಗ ಯಾರು ಕಟ್ಟಿದ್ದು ಅಂತ ಕೇಳಿದ್ರೆ, "ನಮ್ಮೂರ ಅಯ್ಯನೋರು, ಅವರ ಮನಿತನದವ್ರೇ ನಮಗ ಗುರುಗಳು" ಅಂದ್ರು. ಅಂದ್ರೆ ಗುರುತನ ಒಂದು ಮನೆತನದಲ್ಲಿ ಹುಟ್ಟಿನಿಂದ ಬರುವುದಾಗಿಬಿಟ್ಟಿದೆ. ನಿನ್ನೆ ಕೇಳಿದ ಹುಡುಗಿಗೆ ಹೇಳಿದೆ, ನಿನ್ನ ಪ್ರಶ್ನೆ ಅರ್ಧ ಸರಿ. ತಂತ್ರಿಯ ಹಾಗೆ ಗುರು ದಿನಾ ನಡುವೆ ನಿಲ್ಲುವುದಿಲ್ಲ, ಒಮ್ಮೆ ಕೊಟ್ಟ ಮೇಲೆ ಪೂಜೆ ಪೂರ್ತಿ ಶಿಷ್ಯನದೇ. ಶರಣರಿಗೆ ಜಂಗಮ ಅಂದ್ರೆ ಅರಿವು ಆಚಾರ ಇದ್ದವನು, ಹುಟ್ಟಿನ ಮಾತು ಬರುವುದಿಲ್ಲ. ಆದ್ರೆ ಮುಂದೆ ಅದು ಒಂದು ಜಾತಿಯ ಹೆಸರಾಯ್ತು, ಲಿಂಗ ಕಟ್ಟಿದವರ ಒಳಗೇ ಪಂಗಡ ಪಂಗಡ ಆಗಿ ಹೆಣ್ಣು ಕೊಡುವುದು ತರುವುದು ಅದರೊಳಗೇ ಆಯ್ತು. ಮೂಲದ ಬಗ್ಗೆಯೂ ಎರಡು ಪರಂಪರೆ ಉಂಟು, ಪಂಚಪೀಠಗಳವರು ಇದು ಬಸವಣ್ಣನಿಗಿಂತ ಬಹಳ ಹಿಂದಿನ ಪಂಚಾಚಾರ್ಯರಿಂದ ಬಂದದ್ದು ಅಂತಾರೆ, ಬಸವ ಪರಂಪರೆಯವರು ಬಸವಣ್ಣನೇ ಮೂಲ ಅಂತಾರೆ. ಉತ್ತರದಲ್ಲಿ ಎರಡನ್ನೂ ಬರೆಯಬೇಕು, ಒಂದನ್ನೇ ಬರೆದು ಮುಗಿಸಬಾರದು.

ಇನ್ನು ದೇವಸ್ಥಾನಕ್ಕೆ ಹೋಗ್ತೀರಾ ಅಂತ ಕೇಳಿದಾಗ ಅಜ್ಜಿ, ಯಾಕಿಲ್ಲ, ಶ್ರೀಶೈಲಕ್ಕೆ ಹೋಗಿ ಬಂದೀವಿ, ವೀರಭದ್ರ ದೇವರ ಜಾತ್ರಿಗೂ ಹೋಗ್ತೀವಿ ಅಂದ್ರು. ಆಗ ಅಂಬಿಗರ ಚೌಡಯ್ಯನ ವಚನ ಓದಿದೆ, "ಕಟ್ಟಿದ ಲಿಂಗವ ಕಿರಿದು ಮಾಡಿ ಬೆಟ್ಟದ ಲಿಂಗವ ಹಿರಿದು ಮಾಡುವ ಪರಿಯ ನೋಡಾ", ಅಂಥವರನ್ನು ಗಟ್ಟಿ ಪಾದರಕ್ಷೆ ತಗೊಂಡು ಹೊಡೀರಿ ಅಂತಾನೆ ಆ ಅಂಬಿಗ. ಅಜ್ಜಿ ಜೋರಾಗಿ ನಕ್ಕು, "ಹೊಡಸ್ಕೋಬೇಕು ಹಂಗಾರ" ಅಂದ್ರು. ಅಂದ್ರೆ ಲಿಂಗ ಕಟ್ಟಿದವರೇ ಬೆಟ್ಟದ ಗುಡಿಗೆ ಹೋಗುವುದು ಶರಣರ ಕಾಲದಲ್ಲೂ ಇತ್ತು, ಇಲ್ಲದಿದ್ರೆ ಅಷ್ಟು ಸಿಟ್ಟಿನ ವಚನ ಹುಟ್ಟುವುದಿಲ್ಲ. ವಚನ ಓದುವಾಗ ಇದನ್ನು ಗಮನಿಸಲಿಕ್ಕೆ ಹೇಳ್ತೇನೆ, ಬೈದದ್ದು ಕಂಡ್ರೆ ಬೈಯಲಿಕ್ಕೆ ಕಾರಣವಾದ ನಡತೆ ಸುತ್ತಮುತ್ತ ಇತ್ತು ಅಂತ ತಿಳೀಬೇಕು.

ಹೊರಡುವ ಮೊದಲು ಆ ಕಾಮರ್ಸ್ ಹುಡುಗ ಕೇಳಿದ್ದು, "ಅಜ್ಜಿ, ನಿಮ್ಮ ನಂತರ ಈ ಲಿಂಗ ಯಾರಿಗೆ?"

"ಯಾರಿಗೂ ಇಲ್ಲ. ನನ್ನ ಕೈಯಾಗ ಇಟ್ಟು ಮಣ್ಣು ಮಾಡ್ತಾರ."

ಬಸ್ಸಲ್ಲಿ ಅವನು ನಕ್ಷೆಯ ಕೆಳಗೆ ಇದನ್ನು ಬರ್ಕೊಳ್ತಾ ಇದ್ದ. ದೇವಸ್ಥಾನಕ್ಕೆ ಭೂಮಿ ಉಂಟು, ಮೊಕ್ತೇಸರರು ಇದ್ದಾರೆ, ವಂಶಪಾರಂಪರ್ಯದ ಹಕ್ಕು ಉಂಟು, ಅದಕ್ಕಾಗಿಯೇ ಕೇಸು ನಡೀತದೆ, ಆದ್ರೆ ಈ ಲಿಂಗ ಮಗನಿಗೂ ಹೋಗುವುದಿಲ್ಲ ಅಂದ್ರೆ ಇದರ ಮೇಲೆ ಯಾರೂ ಹಕ್ಕು ಕಟ್ಟಲಿಕ್ಕೆ ಆಗುವುದಿಲ್ಲ ಅಲ್ವಾ ಮೇಡಂ ಅಂದ. ಹೌದು, ಲಿಂಗದ ಮೇಲೆ ಆಗುವುದಿಲ್ಲ ಅಂದೆ. ಆದ್ರೆ ಲಿಂಗ ಕೊಡುವ ಮಠಕ್ಕೆ ಭೂಮಿ ಬಂತು, ಪೀಠ ಬಂತು, ಉತ್ತರಾಧಿಕಾರಿ ಯಾರು ಅನ್ನುವ ಪ್ರಶ್ನೆ ಬಂತು, ಅದನ್ನೂ ನಕ್ಷೆಯಲ್ಲಿ ಹಾಕು ಅಂತ ಹೇಳಿದೆ. ಅವನು ಇನ್ನೊಂದು ಪೇಜ್ ತೆಗೆದ.